ಕಮೋಡ್ ಕಟ್ಟಿಕೊಂಡಾಗ: ಪ್ಲಂಜರ್ ಸಾಕೋ, ಆಗರ್ ಬೇಕೋ?

ಫ್ಲಶ್ ಒತ್ತಿದಿರಿ. ನೀರು ಕೆಳಗೆ ಇಳಿಯುವ ಬದಲು ನಿಧಾನಕ್ಕೆ ಮೇಲೇರುತ್ತಿದೆ. ಆಗ ಕೈ ತಾನಾಗಿ ಮತ್ತೆ ಫ್ಲಶ್ ಬಟನ್ ಕಡೆಗೆ ಹೋಗುತ್ತದೆ. ದಯವಿಟ್ಟು ಒತ್ತಬೇಡಿ. ಒಂದು ಸಲದ ಫ್ಲಶ್ ನೀರನ್ನು ಕಮೋಡ್ ಹೇಗೋ ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ಸಲದ್ದು ನೆಲಕ್ಕೆ ಬರುತ್ತದೆ.

ಮೊದಲು ಟ್ಯಾಂಕಿಗೆ ನೀರು ಬರುವ ಆಂಗಲ್ ಕಾಕ್ ಮುಚ್ಚಿ. ಕಮೋಡಿನ ಪಕ್ಕದಲ್ಲಿ, ಗೋಡೆಯಿಂದ ಹೊರಬಂದಿರುವ ಸಣ್ಣ ನಲ್ಲಿ ಅದು. ಬಲಕ್ಕೆ ತಿರುಗಿಸಿದರೆ ಮುಚ್ಚುತ್ತದೆ. ನೀರು ಇನ್ನೂ ಏರುತ್ತಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು, ತಳದಲ್ಲಿರುವ ರಬ್ಬರ್ ಬಿರಡೆಯನ್ನು ಕೈಯಿಂದ ಒತ್ತಿ ಕೂರಿಸಿ. ಟ್ಯಾಂಕಿನ ನೀರು ಶುದ್ಧವಾಗಿಯೇ ಇರುತ್ತದೆ, ಕೈ ಹಾಕಲು ಹಿಂಜರಿಯಬೇಕಿಲ್ಲ. ಇಷ್ಟು ಮಾಡಿ ಹತ್ತು ನಿಮಿಷ ಸುಮ್ನೆ ನೋಡಿ. ಈ ಹತ್ತು ನಿಮಿಷದಲ್ಲಿ ನೀರು ಹೇಗೆ ವರ್ತಿಸುತ್ತದೆ ಎನ್ನುವುದರ ಮೇಲೆಯೇ ಮುಂದಿನ ಕೆಲಸ ನಿಂತಿದೆ.

ಎಲ್ಲಿ ಕಟ್ಟಿಕೊಳ್ಳುತ್ತದೆ, ಯಾಕೆ?

ಕಮೋಡಿನ ಒಳಗೇ, ಪಿಂಗಾಣಿಯಲ್ಲೇ ಮಾಡಿದ ಒಂದು ಬಾಗಿದ ದಾರಿ ಇರುತ್ತದೆ. ಇದನ್ನು ಟ್ರ್ಯಾಪ್ ಅನ್ನುತ್ತಾರೆ. ದಾರಿ ಮೊದಲು ಕೆಳಗೆ ಹೋಗಿ, ಆಮೇಲೆ ಮೇಲಕ್ಕೆ ಏರಿ, ಮತ್ತೆ ಕೆಳಗಿಳಿದು ಪೈಪಿಗೆ ಸೇರುತ್ತದೆ. ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಪೈಪಿನ ಕೆಟ್ಟ ಗಾಳಿ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ಹಾಗಾಗಿ ಬಾಗು ಇಲ್ಲದೆ ಕಮೋಡ್ ಇಲ್ಲ. ಆದರೆ ಇಡೀ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗವೂ ಇದೇ. ಕೆಲವು ಕಮೋಡುಗಳಲ್ಲಿ ಈ ದಾರಿಯ ಅಗಲ ಸುಮಾರು 5 ಸೆಂಟಿಮೀಟರ್ ಮಾತ್ರ. ಅದರ ಆಚೆಗಿನ ಪೈಪು ಸಾಮಾನ್ಯವಾಗಿ 10 ಸೆಂಟಿಮೀಟರ್ ಇರುತ್ತದೆ. ಹಾಗಾಗಿ ಕಟ್ಟಿಕೊಳ್ಳುವ ವಸ್ತು ಹೆಚ್ಚಿನ ಸಲ ಪೈಪಿನಲ್ಲಲ್ಲ, ಕೈಗೆ ಸಿಗುವಷ್ಟು ದೂರದಲ್ಲಿ, ಕಮೋಡಿನ ಹೊಟ್ಟೆಯಲ್ಲೇ ಇರುತ್ತದೆ. ಇದು ಒಳ್ಳೆಯ ಸುದ್ದಿ.

ಕಟ್ಟಿಕೊಳ್ಳುವ ವಸ್ತುಗಳಲ್ಲಿ ಎರಡೇ ಜಾತಿ. ಒಂದು, ನೀರಿನಲ್ಲಿ ಕರಗುವ ಅಥವಾ ಬಿಡಿಬಿಡಿಯಾಗುವ ಮೆತ್ತನೆಯದು. ಮಲ ಮತ್ತು ಟಾಯ್ಲೆಟ್ ಪೇಪರ್ ಈ ಗುಂಪಿಗೆ ಸೇರುತ್ತವೆ. ಒಟ್ಟಿಗೇ ಜಾಸ್ತಿ ಹೋದಾಗ ಮಾತ್ರ ಇವು ಸಿಕ್ಕಿಕೊಳ್ಳುತ್ತವೆ, ಸಮಯ ಕೊಟ್ಟರೆ ತಾವೇ ಸಡಿಲವಾಗುತ್ತವೆ. ಇನ್ನೊಂದು, ನೀರಿನಲ್ಲಿ ಎಷ್ಟು ಹೊತ್ತಿದ್ದರೂ ಹಾಗೇ ಇರುವಂಥದ್ದು: ಒದ್ದೆ ವೈಪ್ಸ್, ಬಟ್ಟೆ, ಪ್ಯಾಡ್, ಕಿವಿ ಕಡ್ಡಿ, ಆಟದ ಸಾಮಾನು. ನೀರನ್ನು ಒತ್ತಿ ಎಳೆಯುವ ಹಿಡಿಯಿರುವ ರಬ್ಬರ್ ಬಟ್ಟಲು, ಅಂದರೆ ಪ್ಲಂಜರ್, ಇರುವುದು ಮೊದಲ ಜಾತಿಗೆ. ಒಳಗೆ ತೂರಿಸಿ ತಿರುಗಿಸುವ ಬಾಗುವ ತಂತಿ, ಅಂದರೆ ಆಗರ್, ಇರುವುದು ಎರಡನೆಯದಕ್ಕೆ. ಇದನ್ನು ಅದಲು ಬದಲು ಮಾಡಿಕೊಂಡಾಗಲೇ ಸಣ್ಣ ಕೆಲಸ ದೊಡ್ಡದಾಗುತ್ತದೆ.

ಇನ್ನು, ಕೆಲವೊಮ್ಮೆ ಕಟ್ಟಿಕೊಂಡೇ ಇರುವುದಿಲ್ಲ, ಫ್ಲಶ್ ದುರ್ಬಲವಾಗಿರುತ್ತದೆ ಅಷ್ಟೇ. ಟ್ಯಾಂಕಿನಲ್ಲಿ ನೀರು ಕಡಿಮೆ ನಿಲ್ಲುತ್ತಿರಬಹುದು, ರಬ್ಬರ್ ಬಿರಡೆ ಬೇಗ ಮುಚ್ಚಿಕೊಳ್ಳುತ್ತಿರಬಹುದು, ಅಂಚಿನ ಕೆಳಗಿರುವ ರಂಧ್ರಗಳಲ್ಲಿ ಗಡಸು ನೀರಿನ ಸುಣ್ಣ ಕೂತಿರಬಹುದು. ಇದನ್ನು ಪತ್ತೆ ಮಾಡುವುದು ಸುಲಭ. ಕಮೋಡಿನ ನೀರು ಎಂದಿನ ಮಟ್ಟದಲ್ಲಿದ್ದಾಗ ಸುಮಾರು ಅರ್ಧ ಬಕೆಟ್ ನೀರನ್ನು, ಅಂದರೆ ಏಳೆಂಟು ಲೀಟರ್, ಒಂದೇ ಓಘದಲ್ಲಿ ನೇರವಾಗಿ ಸುರಿಯಿರಿ. ಅದು ಸರ್ರನೆ ಹೋದರೆ ದಾರಿ ಚೆನ್ನಾಗಿದೆ, ದೋಷ ಟ್ಯಾಂಕಿನಲ್ಲಿದೆ. ಹೋಗದೆ ಮೇಲೇರಿದರೆ ದಾರಿಯಲ್ಲೇ ಏನೋ ಇದೆ. ನೀರು ಮೇಲೇರುವುದು ಕಂಡ ಕೂಡಲೇ ಸುರಿಯುವುದನ್ನು ನಿಲ್ಲಿಸಿ. ಈ ಬಕೆಟ್ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇಪದೇ ಬೇಕಾಗುತ್ತದೆ.

ನೀರು ಏನು ಹೇಳುತ್ತಿದೆ?

ಏರಿದ ನೀರು ಹತ್ತು ನಿಮಿಷದಲ್ಲಿ ನಿಧಾನವಾಗಿ ಇಳಿದರೆ ದಾರಿ ಪೂರ್ತಿ ಮುಚ್ಚಿಲ್ಲ. ಬಹುಶಃ ಮೆತ್ತನೆಯ ವಸ್ತು. ಪ್ಲಂಜರ್ ತನ್ನಿ. ನೀರು ಇಳಿಯದೆ ಅಲ್ಲೇ ನಿಂತರೂ ಮೊದಲ ಸಲ ಪ್ಲಂಜರ್ ಪ್ರಯತ್ನಿಸಬಹುದು, ಆದರೆ ಒಂದು ಷರತ್ತು: ಒಳಗೆ ಗಟ್ಟಿ ವಸ್ತು ಬಿದ್ದಿಲ್ಲ ಎನ್ನುವುದು ಖಚಿತವಾಗಿರಬೇಕು. ಮಗುವಿನ ಆಟಿಕೆ, ಬ್ರಶ್, ಅಂಚಿಗೆ ನೇತುಹಾಕುವ ಸುವಾಸನೆಯ ಪ್ಲಾಸ್ಟಿಕ್ ಡಬ್ಬಿ ಇಂಥದ್ದೇನಾದರೂ ಕಾಣೆಯಾಗಿದೆಯೇ ಎಂದು ಮನೆಯವರನ್ನೆಲ್ಲ ಕೇಳಿ. ಬಿದ್ದಿದ್ದರೆ ಪ್ಲಂಜರ್ ಮುಟ್ಟಲೇಬೇಡಿ. ಅದರ ಒತ್ತಡಕ್ಕೆ ವಸ್ತು ಬಾಗಿನೊಳಗೆ ಇನ್ನೂ ಬಿಗಿಯಾಗಿ ಕೂರುತ್ತದೆ. ಇನ್ನೂ ಕೆಟ್ಟದಾದರೆ ಬಾಗು ದಾಟಿ ಪೈಪಿಗೆ ಹೋಗುತ್ತದೆ, ಅಲ್ಲಿಂದ ತೆಗೆಯುವುದು ನಿಮ್ಮ ಕೈಯಲ್ಲಿರುವುದಿಲ್ಲ.

ಮೂರನೆಯ ಲಕ್ಷಣವನ್ನು ಬಹಳ ಜನ ಗಮನಿಸುವುದಿಲ್ಲ. ಪ್ಲಂಜರ್ ಹಾಕಿದ ಮೇಲೆ ಸರಿಯಾಗುತ್ತದೆ, ಎರಡು ಮೂರು ದಿನದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ. ಮತ್ತೆ ಪ್ಲಂಜರ್, ಮತ್ತೆ ಸರಿ, ಮತ್ತೆ ಅದೇ ಕತೆ. ಒಳಗೆ ಕರಗದ ವಸ್ತುವೊಂದು ಅಡ್ಡ ಕೂತಿದೆ ಎಂದು ಇದರಿಂದಲೇ ತಿಳಿಯಬಹುದು. ನೀರು ಅದರ ಸಂದಿಯಲ್ಲಿ ಹೋಗುತ್ತದೆ, ಪೇಪರ್ ಮಾತ್ರ ಅದಕ್ಕೆ ಸಿಕ್ಕಿ ಸೇರುತ್ತಾ ಹೋಗುತ್ತದೆ. ಪ್ಲಂಜರ್ ಆ ಪೇಪರನ್ನು ತಳ್ಳುತ್ತದೆಯೇ ಹೊರತು ಅಡ್ಡ ಕೂತಿದ್ದನ್ನು ಅಲ್ಲ. ಇಲ್ಲಿ ಆಗರ್ ಬೇಕು.

ಪ್ಲಂಜರ್ ಬಳಸುವ ಕ್ರಮ

ಅಂಗಡಿಯಲ್ಲಿ ಎರಡು ಬಗೆಯವು ಸಿಗುತ್ತವೆ. ತಳ ಸಮನಾಗಿರುವ ಬಟ್ಟಲಿನಂಥದ್ದು ಸಿಂಕಿಗೆ. ಬಟ್ಟಲಿನ ಒಳಗಿನಿಂದ ಇನ್ನೊಂದು ಸಣ್ಣ ರಬ್ಬರ್ ಕುತ್ತಿಗೆ ಹೊರಬರುವಂಥದ್ದು ಕಮೋಡಿಗೆ. ಆ ಕುತ್ತಿಗೆ ಕಮೋಡಿನ ತೂತಿನೊಳಗೆ ಕೂತು ಗಾಳಿಯಾಡದಂತೆ ಮುಚ್ಚುತ್ತದೆ. ಸಿಂಕಿನದನ್ನು ಕಮೋಡಿಗೆ ಬಳಸಿದರೆ ಬದಿಯಿಂದ ನೀರು ಚಿಮ್ಮುತ್ತದೆ, ಒತ್ತಡ ಒಳಗೆ ಹೋಗುವುದೇ ಇಲ್ಲ. ಸಿಂಕಿಗೆ ಬಳಸಿದ್ದನ್ನು ಕಮೋಡಿಗೆ, ಕಮೋಡಿಗೆ ಬಳಸಿದ್ದನ್ನು ಅಡುಗೆಮನೆಗೆ ತರುವುದು ಸ್ವಚ್ಛತೆಯ ದೃಷ್ಟಿಯಿಂದಲೂ ಸರಿಯಲ್ಲ, ಅಲ್ವಾ?

ಪ್ಲಂಜರ್‌ಗೆ ಮುಂಚೆ ಒಂದು ಉಪಾಯವಿದೆ. ಪಾತ್ರೆ ತೊಳೆಯುವ ದ್ರವ ಸೋಪನ್ನು ಮೂರ್ನಾಲ್ಕು ಚಮಚ ಕಮೋಡಿಗೆ ಹಾಕಿ. ಒಳಗೆ ಜಾಗವಿದ್ದರೆ ಸ್ನಾನದ ನೀರಿನಷ್ಟು ಬಿಸಿಯಾದ ನೀರನ್ನು ಒಂದೆರಡು ಲೀಟರ್ ಸುರಿದು ಅರ್ಧ ಗಂಟೆ ಬಿಡಿ. ಸೋಪು ಜಾರಿಕೆ ಕೊಡುತ್ತದೆ, ಬಿಸಿ ನೀರು ಪೇಪರನ್ನು ಬೇಗ ಬಿಡಿಸುತ್ತದೆ. ಮೆತ್ತನೆಯ ಕಟ್ಟು ಎಷ್ಟೋ ಸಲ ಇಷ್ಟಕ್ಕೇ ಹೋಗಿಬಿಡುತ್ತದೆ. ಕುದಿಯುವ ನೀರು ಮಾತ್ರ ಬೇಡ. ತಣ್ಣಗಿನ ಪಿಂಗಾಣಿಗೆ ಕುದಿನೀರು ತಾಗಿದರೆ ಬಿರುಕು ಬಿಡಬಹುದು.

ಹೋಗಲಿಲ್ಲ ಅನ್ನೋಣ. ಕೈಗವಸು ಹಾಕಿಕೊಂಡು ನೀರಿನ ಮಟ್ಟ ನೋಡಿ. ಪ್ಲಂಜರಿನ ರಬ್ಬರ್ ಪೂರ್ತಿ ಮುಳುಗುವಷ್ಟು ನೀರಿರಬೇಕು. ಕಡಿಮೆಯಿದ್ದರೆ ಸುರಿಯಿರಿ, ಅಂಚಿನವರೆಗೆ ತುಂಬಿದ್ದರೆ ಹಳೆಯ ಮಗ್‌ನಿಂದ ಸ್ವಲ್ಪ ತೆಗೆದು ಬಕೆಟಿಗೆ ಹಾಕಿ. ಇಲ್ಲಿ ಕೆಲಸ ಮಾಡುವುದು ನೀರು, ಗಾಳಿಯಲ್ಲ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನಿಮ್ಮ ಬಲವೆಲ್ಲ ಅದರಲ್ಲೇ ಕಳೆದುಹೋಗುತ್ತದೆ. ನೀರು ಕುಗ್ಗುವುದಿಲ್ಲ, ಕೊಟ್ಟ ಬಲವನ್ನು ಹಾಗೇ ಕಟ್ಟಿನವರೆಗೆ ಒಯ್ಯುತ್ತದೆ. ಆದ್ದರಿಂದ ಪ್ಲಂಜರನ್ನು ನೇರವಾಗಿ ಇಳಿಸದೆ ಓರೆಯಾಗಿ ಇಳಿಸಿ. ಒಳಗಿನ ಗಾಳಿ ಗುಳ್ಳೆಯಾಗಿ ಹೊರಹೋಗಲಿ. ಆಮೇಲೆ ನೆಟ್ಟಗೆ ಮಾಡಿ ತೂತಿನ ಮೇಲೆ ಕೂರಿಸಿ.

ಮೊದಲ ಒತ್ತು ನಿಧಾನವಾಗಿರಲಿ, ಉಳಿದ ಗಾಳಿ ಅದರಲ್ಲಿ ಹೋಗುತ್ತದೆ. ನಂತರ ರಬ್ಬರ್ ತೂತು ಬಿಡದಂತೆ ಹಿಡಿದು, ಒತ್ತಿ ಎಳೆಯಿರಿ, ಒತ್ತಿ ಎಳೆಯಿರಿ. ಹದಿನೈದು ಇಪ್ಪತ್ತು ಸಲ. ಹೆಚ್ಚಿನವರು ಒತ್ತುವುದಕ್ಕಷ್ಟೇ ಬಲ ಹಾಕುತ್ತಾರೆ. ಆದರೆ ಎಳೆಯುವುದಕ್ಕೂ ಅಷ್ಟೇ ಬಲ ಬೇಕು. ಮುಂದೆ ಹಿಂದೆ ಅಲುಗಾಡಿದರೇ ಕಟ್ಟು ಸಡಿಲವಾಗುವುದು. ಕೊನೆಯದಾಗಿ ಒಂದೇ ಸಲ ಜೋರಾಗಿ ಎಳೆದು ಪ್ಲಂಜರ್ ಮೇಲೆತ್ತಿ. ಗೊಳಕ್ಕನೆ ಸದ್ದಾಗಿ ನೀರು ಇಳಿದರೆ ದಾರಿ ಬಿಟ್ಟಿದೆ. ಆಗಲೂ ಫ್ಲಶ್ ಒತ್ತಬೇಡಿ, ಬಕೆಟ್ ಪರೀಕ್ಷೆ ಮಾಡಿ. ಬಕೆಟ್ಟಿನ ನೀರನ್ನು ನೀವು ನಿಲ್ಲಿಸಬಹುದು, ಟ್ಯಾಂಕಿನದನ್ನು ನಿಲ್ಲಿಸಲಾಗುವುದಿಲ್ಲ.

ಇಂಥ ಮೂರು ಸುತ್ತು ಸಾಕು. ಅಷ್ಟಕ್ಕೂ ಅಲುಗದಿದ್ದರೆ ಅದು ಪ್ಲಂಜರಿನ ಕೆಲಸವಲ್ಲ. ಇನ್ನೂ ಜೋರು ಮಾಡಿದರೆ ಕಮೋಡಿನ ಬುಡದ ಜೋಡಣೆ ಸಡಿಲವಾಗಬಹುದು.

ಆಗರ್ ಬಳಸುವ ಕ್ರಮ

ಆಗರ್ ಅಂದರೆ ಒಂದು ಗಟ್ಟಿ ಕೊಳವೆ, ಅದರೊಳಗೆ ಬಾಗುವ ಸ್ಪ್ರಿಂಗಿನಂಥ ತಂತಿ, ಮೇಲೆ ತಿರುಗಿಸುವ ಹಿಡಿ. ಕೊಳವೆಯ ತುದಿ ಬಾಗಿರುತ್ತದೆ, ಆ ಬಾಗಿಗೆ ರಬ್ಬರ್ ಕವಚ ಇರುತ್ತದೆ. ಕಮೋಡಿಗೆಂದೇ ಮಾಡಿದ್ದನ್ನೇ ಕೊಳ್ಳಿ. ಸಿಂಕಿನ ಪೈಪಿಗೆ ಬಳಸುವ ಬರೀ ಸ್ಪ್ರಿಂಗ್ ತಂತಿ ಪಿಂಗಾಣಿಗೆ ಉಜ್ಜಿ ಕಪ್ಪು ಗೆರೆ ಎಳೆಯುತ್ತದೆ, ಆ ಗೆರೆ ಮತ್ತೆ ಹೋಗುವುದು ಕಷ್ಟ. ಮನೆಬಳಕೆಯ ಆಗರಿನ ತಂತಿ ಹೆಚ್ಚಾಗಿ ಸುಮಾರು 90 ಸೆಂಟಿಮೀಟರ್ ಉದ್ದವಿರುತ್ತದೆ. ಟ್ರ್ಯಾಪ್ ದಾಟಲು ಅಷ್ಟು ಸಾಕು.

ತಂತಿಯನ್ನು ಪೂರ್ತಿ ಹಿಂದಕ್ಕೆಳೆದು ತುದಿ ಮಾತ್ರ ಹೊರಗಿರುವಂತೆ ಮಾಡಿ. ರಬ್ಬರ್ ಕವಚವಿರುವ ಬಾಗು ಕಮೋಡಿನ ತೂತಿನ ಕಡೆಗೆ ಮುಖ ಮಾಡುವಂತೆ ಇಳಿಸಿ ಕೂರಿಸಿ. ಒಂದು ಕೈಯಲ್ಲಿ ಕೊಳವೆ ಅಲುಗದಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಹಿಡಿಯನ್ನು ಬಲಕ್ಕೆ ತಿರುಗಿಸುತ್ತಾ ಮೆಲ್ಲಗೆ ಕೆಳಗೆ ಒತ್ತಿ. ಸುಮ್ನೆ ಒತ್ತಬಾರದು, ತಿರುಗುತ್ತಲೇ ಒಳಗೆ ಹೋಗಬೇಕು.

ಇಲ್ಲಿ ಕೈಗೆ ತಾಗುವ ಅನುಭವವೇ ಕಣ್ಣು. ಸ್ವಲ್ಪ ಒಳಗೆ ಹೋಗುತ್ತಲೇ ಮೊದಲ ತಡೆ ಸಿಗುತ್ತದೆ. ಅದು ಕಟ್ಟಲ್ಲ, ಟ್ರ್ಯಾಪಿನ ಬಾಗು. ಬಲ ಹಾಕದೆ ತಿರುಗಿಸುತ್ತಾ ಇದ್ದರೆ ತುದಿ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಮುಂದಿನ ತಡೆ ಸ್ಪಂಜಿನಂತೆ ಮೆತ್ತಗಿದ್ದು, ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಹಿಂದೆ ಬಂದಂತಾದರೆ ಅದು ಬಟ್ಟೆ, ವೈಪ್ಸ್ ಅಥವಾ ಪ್ಯಾಡ್. ಟಕ್ ಟಕ್ ಎಂದು ತಾಗಿ ಜಾರಿದಂತಾದರೆ ಗಟ್ಟಿ ವಸ್ತು. ಮೆತ್ತನೆಯದಾದರೆ ಇನ್ನೂ ನಾಲ್ಕೈದು ಸುತ್ತು ತಿರುಗಿಸಿ, ಅದು ತುದಿಗೆ ಸುತ್ತಿಕೊಳ್ಳಲಿ. ಆಮೇಲೆ ಅದೇ ದಿಕ್ಕಿಗೆ ತಿರುಗಿಸುತ್ತಲೇ ಹೊರಗೆಳೆಯಿರಿ. ಎಡಕ್ಕೆ ತಿರುಗಿಸಿದರೆ ಹಿಡಿದದ್ದು ಬಿಟ್ಟುಹೋಗುತ್ತದೆ. ಹೊರಬಂದದ್ದನ್ನು ಹಾಕಲು ಪ್ಲಾಸ್ಟಿಕ್ ಚೀಲ ಪಕ್ಕದಲ್ಲೇ ಇರಲಿ.

ಗಟ್ಟಿ ವಸ್ತುವಾದರೆ ತಾಳ್ಮೆ ಬೇಕು. ಆಗರ್ ಅದನ್ನು ಕೊಕ್ಕೆಯಂತೆ ಹಿಡಿದು ತರಬಹುದು, ಅಥವಾ ಅದರ ಪಕ್ಕದಿಂದ ಜಾರಿ ಮುಂದೆ ಹೋಗಬಹುದು. ತಂತಿ ಪೂರ್ತಿ ಹೋಯಿತು, ನೀರೂ ಇಳಿಯಿತು, ಆದರೆ ಏನೂ ಹೊರಬರಲಿಲ್ಲ ಅಂದರೆ ಕೆಲಸ ಮುಗಿದಿಲ್ಲ. ಎರಡು ಮೂರು ಪ್ರಯತ್ನಕ್ಕೂ ಸಿಗದಿದ್ದರೆ ಕಮೋಡನ್ನೇ ಬುಡದಿಂದ ಕಳಚಿ, ತಲೆಕೆಳಗು ಮಾಡಿ ತೆಗೆಯಬೇಕು. ಅದನ್ನು ಪ್ಲಂಬರ್‌ಗೆ ಬಿಡುವುದೇ ವಾಸಿ. ಮತ್ತೆ ಕೂರಿಸುವಾಗ ಕೆಳಗಿನ ಸೀಲ್ ಹೊಸದಾಗಿ ಹಾಕಬೇಕಾಗುತ್ತದೆ.

ಪರಿಚಯದ ಮನೆಯೊಂದರಲ್ಲಿ ಆದದ್ದು ಈ ಎಲ್ಲವನ್ನೂ ಒಟ್ಟಿಗೆ ತೋರಿಸುತ್ತದೆ. ಅಲ್ಲಿ ಪುಟ್ಟ ಮಗುವಿದೆ. ಕಮೋಡ್ ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಪ್ಲಂಜರಿಗೆ ಬಿಡುತ್ತಿತ್ತು. ಬರಬರುತ್ತಾ ಎರಡು ದಿನಕ್ಕೊಮ್ಮೆ ಆಯಿತು. ಫ್ಲಶ್ ಟ್ಯಾಂಕ್ ಹಳೆಯದು, ಅದನ್ನೇ ಬದಲಿಸೋಣ ಎಂದು ಮನೆಯವರು ಹೊರಟಿದ್ದರು. ಮೊದಲು ಬಕೆಟ್ ನೀರು ಸುರಿದು ನೋಡಿದೆವು. ನೀರು ಅರ್ಧಕ್ಕೆ ಏರಿ ಆಮೇಲೆ ನಿಧಾನಕ್ಕೆ ಇಳಿಯಿತು. ಅಂದರೆ ಟ್ಯಾಂಕಿನ ತಪ್ಪಲ್ಲ. ಪಕ್ಕದ ಸ್ನಾನದ ಮನೆಯ ನೀರು ಸರಾಗವಾಗಿ ಹೋಗುತ್ತಿತ್ತು, ಅಂದರೆ ದೊಡ್ಡ ಪೈಪಿನದೂ ಅಲ್ಲ. ಉಳಿದದ್ದು ಟ್ರ್ಯಾಪ್. ಆಗರ್ ಇಳಿಸಿದಾಗ ಬಾಗು ದಾಟಿದ ಕೂಡಲೇ ಮೆತ್ತನೆಯ ತಡೆ ಸಿಕ್ಕಿತು. ತಿರುಗಿಸಿ ಎಳೆದಾಗ ಬಂದದ್ದು ಹಗ್ಗದಂತೆ ಹೊಸೆದುಕೊಂಡ ವೈಪ್ಸ್ ಗಂಟು. ಅದರ ನಡುವೆ ಪ್ಲಾಸ್ಟಿಕ್ಕಿನ ಕಿವಿ ಕಡ್ಡಿ. ಕಡ್ಡಿ ದಾರಿಗೆ ಅಡ್ಡವಾಗಿ ನಿಂತಿತ್ತು, ವೈಪ್ಸ್ ಅದಕ್ಕೆ ಸಿಕ್ಕಿಕೊಂಡಿತ್ತು, ಪೇಪರ್ ವೈಪ್ಸಿಗೆ ಸಿಕ್ಕಿಕೊಳ್ಳುತ್ತಿತ್ತು. ಗಂಟು ತೆಗೆದ ಮೇಲೆ ಇನ್ನೊಮ್ಮೆ ಆಗರ್ ಬಿಟ್ಟು, ಏನೂ ಉಳಿದಿಲ್ಲ ಎಂದು ನೋಡಿ, ಬಕೆಟ್ ಸುರಿದೆವು. ಸರ್ರನೆ ಹೋಯಿತು. ಹಳೆಯ ಟ್ಯಾಂಕ್ ಹಾಗೇ ಉಳಿಯಿತು.

ಎರಡೂ ಬೇಡವಾದಾಗ

ಕಮೋಡ್ ಫ್ಲಶ್ ಮಾಡಿದಾಗ ಸ್ನಾನದ ಮನೆಯ ಜಾಲರಿಯಿಂದ ನೀರು ಉಕ್ಕಿದರೆ, ಸಿಂಕಿನ ನೀರು ಬಿಟ್ಟಾಗ ಕಮೋಡಿನಲ್ಲಿ ಗುಳುಗುಳು ಸದ್ದಾದರೆ, ಅಥವಾ ಮನೆಯ ಎರಡು ಟಾಯ್ಲೆಟ್ ಒಟ್ಟಿಗೇ ಕಟ್ಟಿಕೊಂಡರೆ, ಕಟ್ಟು ಇರುವುದು ಹೆಚ್ಚಾಗಿ ಎಲ್ಲ ನೀರೂ ಸೇರುವ ಮುಖ್ಯ ಪೈಪಿನಲ್ಲಿ. ಪ್ಲಂಜರ್, ಸಣ್ಣ ಆಗರ್ ಎರಡೂ ಅಲ್ಲಿಗೆ ತಲುಪುವುದಿಲ್ಲ. ಮನೆಯಲ್ಲಿ ನೀರು ಬಿಡುವುದನ್ನು ನಿಲ್ಲಿಸಿ, ಪ್ಲಂಬರನ್ನು ಕರೆಯಿರಿ. ಹೊರಗೆ ಚೇಂಬರ್ ಇದ್ದರೆ ಅದರ ಮುಚ್ಚಳ ಸರಿಸಿ ದೂರದಿಂದಲೇ ನೋಡಬಹುದು. ಚೇಂಬರ್ ತುಂಬಿ ನಿಂತಿದ್ದರೆ ಕಟ್ಟು ಅದರ ಆಚೆಗಿದೆ, ಖಾಲಿಯಿದ್ದರೆ ಮನೆ ಮತ್ತು ಚೇಂಬರ್ ನಡುವೆ ಇದೆ. ಪ್ಲಂಬರ್‌ಗೆ ಇದನ್ನು ಹೇಳಿದರೆ ಅವರ ಅರ್ಧ ಕೆಲಸ ಉಳಿಯುತ್ತದೆ. ಆದರೆ ಚೇಂಬರ್, ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಇವುಗಳೊಳಗೆ ಬಗ್ಗಬಾರದು, ಯಾರನ್ನೂ ಇಳಿಸಲೂಬಾರದು. ಅಲ್ಲಿನ ವಿಷಗಾಳಿ ಕ್ಷಣದಲ್ಲಿ ಪ್ರಜ್ಞೆ ತಪ್ಪಿಸಿ ಜೀವ ತೆಗೆಯುತ್ತದೆ.

ಡ್ರೇನ್ ಕ್ಲೀನರ್ ಪುಡಿ ಮತ್ತು ಆಸಿಡ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಕಟ್ಟಿಕೊಂಡ ಕಮೋಡಿಗೆ ಹಾಕಬೇಡಿ. ನಿಂತ ನೀರಿನಲ್ಲಿ ಅವು ಕಟ್ಟಿನವರೆಗೆ ಸರಿಯಾಗಿ ತಲುಪುವುದಿಲ್ಲ, ಪ್ಲಾಸ್ಟಿಕ್ಕನ್ನು ಕರಗಿಸುವುದಿಲ್ಲ. ಆದರೆ ಬಿಸಿ ಹುಟ್ಟಿಸುತ್ತವೆ, ಅದಕ್ಕೆ ಪಿಂಗಾಣಿ ಬಿರಿಯಬಹುದು. ಆಮೇಲೆ ಪ್ಲಂಜರ್ ಹಾಕಿದವರ ಮುಖಕ್ಕೆ ಚಿಮ್ಮುವುದೂ ಅದೇ ನೀರು. ಆಸಿಡ್ ಇರುವ ಕ್ಲೀನರ್ ಮತ್ತು ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಈಗಾಗಲೇ ಏನಾದರೂ ಸುರಿದಿದ್ದರೆ ಪ್ಲಂಜರ್ ಮುಟ್ಟಬೇಡಿ. ಬರುವ ಪ್ಲಂಬರ್‌ಗೆ ಏನು ಸುರಿದಿದ್ದೀರಿ ಎಂದು ಮೊದಲೇ ಹೇಳಿ, ಅವರ ಕಣ್ಣಿನ ವಿಷಯ ಅದು.

ಫ್ಲಶ್ ಮಾಡಲೇಬಾರದ್ದು

ಯಾವುದು ಹೋಗಬಹುದು, ಯಾವುದು ಬೇಡ ಎಂದು ಗೊತ್ತಾಗದಿದ್ದರೆ ಮನೆಯಲ್ಲೇ ಪರೀಕ್ಷೆ ಮಾಡಿ. ಎರಡು ಬಾಟಲಿಯಲ್ಲಿ ನೀರು ತುಂಬಿ. ಒಂದಕ್ಕೆ ಟಾಯ್ಲೆಟ್ ಪೇಪರ್, ಇನ್ನೊಂದಕ್ಕೆ ಒದ್ದೆ ವೈಪ್ ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಿ. ಪೇಪರ್ ಸ್ವಲ್ಪ ಹೊತ್ತಿನಲ್ಲೇ ಚೂರಾಗಿ ನೀರು ಮಬ್ಬಾಗುತ್ತದೆ. ವೈಪ್ ಸಾಮಾನ್ಯವಾಗಿ ಹಾಗೇ ಇರುತ್ತದೆ, ನಾಳೆ ನೋಡಿದರೂ ಹಾಗೇ. ಒದ್ದೆಯಲ್ಲಿ ಹರಿಯಬಾರದು ಎಂದೇ ಅದನ್ನು ಮಾಡಿರುತ್ತಾರೆ, ಎಷ್ಟೋ ವೈಪ್ಸ್‌ನಲ್ಲಿ ಪ್ಲಾಸ್ಟಿಕ್ ನೂಲು ಇರುತ್ತದೆ. ಪ್ಯಾಕೆಟ್ ಮೇಲೆ ಫ್ಲಶ್ ಮಾಡಬಹುದು ಎಂದು ಬರೆದಿದ್ದರೂ ನಾನಂತೂ ಕಸದ ಡಬ್ಬಿಗೇ ಹಾಕಿ ಎನ್ನುತ್ತೇನೆ. ಮುಖ ಒರೆಸುವ ಟಿಶ್ಯೂ, ಅಡುಗೆಮನೆಯ ಪೇಪರ್ ಟವೆಲ್ ಕೂಡ ಒದ್ದೆಯಲ್ಲಿ ಗಟ್ಟಿ ಇರಲೆಂದು ಮಾಡಿದವು. ಅವೂ ಬೇಡ.

ಸ್ಯಾನಿಟರಿ ಪ್ಯಾಡ್ ಮತ್ತು ಡಯಾಪರ್ ಇನ್ನೂ ಅಪಾಯ. ಅವುಗಳೊಳಗಿನ ಪುಡಿ ನೀರು ಹೀರಿ ಜೆಲ್ ಆಗುತ್ತದೆ. ಕೈಯಲ್ಲಿದ್ದಾಗ ತೆಳ್ಳಗಿದ್ದದ್ದು ಟ್ರ್ಯಾಪಿನೊಳಗೆ ಹೋಗಿ ಹಲವು ಪಟ್ಟು ಉಬ್ಬಿ, ದಾರಿಗೆ ಬಿರಡೆ ಹಾಕಿದಂತಾಗುತ್ತದೆ. ಇದನ್ನು ಪ್ಲಂಜರ್ ಬಿಡಿಸುವುದಿಲ್ಲ. ಟ್ಯಾಂಪೂನ್, ಕಾಂಡೋಮ್, ಹತ್ತಿ, ಕಿವಿ ಕಡ್ಡಿ ಕೂಡ ಡಬ್ಬಿಗೇ ಹೋಗಬೇಕು. ಹಲ್ಲಿನ ಸಂದಿ ತೆಗೆಯುವ ದಾರ ಮತ್ತು ತಲೆಗೂದಲು ಸಣ್ಣದಾಗಿ ಕಾಣುತ್ತವೆ, ಆದರೆ ಬಲೆ ಕಟ್ಟಿಕೊಂಡು ಉಳಿದದ್ದನ್ನೆಲ್ಲ ಹಿಡಿಯುವುದು ಅವೇ. ಬೆಕ್ಕಿನ ಮರಳು ನೀರು ತಾಗಿದರೆ ಜೇಡಿಯಂತೆ ಗಟ್ಟಿಯಾಗುತ್ತದೆ.

ಎಣ್ಣೆ, ತುಪ್ಪ, ಕೊಬ್ಬು ಬಿಸಿಯಿದ್ದಾಗ ನೀರಾಗಿ ಇಳಿಯುತ್ತವೆ ನಿಜ. ಆದರೆ ಪೈಪಿನ ತಂಪಿಗೆ ಗೋಡೆಗೆ ಅಂಟಿ ಗಟ್ಟಿಯಾಗುತ್ತವೆ. ಇವುಗಳ ಕಟ್ಟು ಟ್ರ್ಯಾಪಿನಲ್ಲಲ್ಲ, ದೂರದಲ್ಲಿ ಆಗುತ್ತದೆ, ಅಂದರೆ ನಿಮ್ಮ ಕೈಗೆ ಸಿಗದ ಕಡೆ. ಹಳೆಯ ಮಾತ್ರೆ, ಔಷಧಿ ಪೈಪನ್ನು ಕಟ್ಟುವುದಿಲ್ಲ, ಆದರೂ ಹಾಕಬಾರದು. ಕೊಳಚೆ ಶುದ್ಧೀಕರಣ ಘಟಕಗಳು ಅವನ್ನು ಪೂರ್ತಿ ತೆಗೆಯಲಾರವು, ಕೊನೆಗೆ ಅವು ಕೆರೆ, ನದಿ ಸೇರುತ್ತವೆ. ಬಣ್ಣ, ಥಿನ್ನರ್ ಸೆಪ್ಟಿಕ್ ಟ್ಯಾಂಕಿನಲ್ಲಿ ಮಲವನ್ನು ಕರಗಿಸುವ ಜೀವಾಣುಗಳನ್ನೇ ಕೊಲ್ಲುತ್ತವೆ.

ಇದಕ್ಕೆಲ್ಲ ಬೇಕಾದದ್ದು ಟಾಯ್ಲೆಟ್ಟಿನಲ್ಲಿ ಕೈಗೆಟಕುವಂತೆ ಮುಚ್ಚಳವಿರುವ ಒಂದು ಡಬ್ಬಿ. ಡಬ್ಬಿ ಇಲ್ಲದ ಟಾಯ್ಲೆಟ್ಟಿನಲ್ಲಿ ಅತಿಥಿಗಳು ಬೇರೆ ದಾರಿ ಕಾಣದೆ ಕಮೋಡಿಗೇ ಹಾಕುತ್ತಾರೆ. ಪೇಪರ್ ಜಾಸ್ತಿ ಬಳಸುವವರು ಅರ್ಧದಲ್ಲೊಮ್ಮೆ, ಕೊನೆಗೊಮ್ಮೆ ಎಂದು ಎರಡು ಸಲ ಫ್ಲಶ್ ಮಾಡಲಿ. ಎರಡು ಬಟನ್ ಇರುವ ಟ್ಯಾಂಕಿನಲ್ಲಿ ಸಣ್ಣ ಬಟನ್ ಇರುವುದು ಮೂತ್ರಕ್ಕೆ ಮಾತ್ರ. ಪೇಪರ್ ಹಾಕಿದಾಗ ದೊಡ್ಡದನ್ನೇ ಒತ್ತಿ.